ಈ ಟೇಪ್ ಯಾರು ಸುತ್ತಿದ್ದು ಸರ್?

ಮಂಗಳವಾರ ಸರ್ವಿಸ್ ಸೆಂಟರಿನಲ್ಲಿ ಬಾನೆಟ್ ಎತ್ತಿದ ಹುಡುಗ ನನ್ನನ್ನು ಕೇಳಿದ್ದು ಇಷ್ಟೇ. "ಈ ಟೇಪ್ ಯಾರು ಸುತ್ತಿದ್ದು ಸರ್?" ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ. ನಾಲ್ಕು ದಿನ ಆಯ್ತು, ಇನ್ನೂ ಕಿವಿಯಲ್ಲೇ ಇದೆ.

ಕಾರು ಪೆಟ್ರೋಲ್, ಕೊಂಡು ಒಂದೂವರೆ ವರ್ಷ. ಐದು ತಿಂಗಳ ಹಿಂದೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದೆ. ಹೋದ ವಾರ ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಗಡಗಡ ನಡುಗತೊಡಗಿತು, ಚೆಕ್ ಎಂಜಿನ್ ದೀಪ ಬಂತು. ಗ್ಯಾಸಿನದೇ ತಪ್ಪಿರಬೇಕು ಅಂತ ಪೆಟ್ರೋಲ್‌ಗೆ ಬದಲಾಯಿಸಿದೆ. ಆಗಲೂ ಅದೇ ನಡುಕ. ಗ್ಯಾಸಿನ ತಪ್ಪಾಗಿದ್ದರೆ ಪೆಟ್ರೋಲ್‌ನಲ್ಲಿ ಸರಿಹೋಗಬೇಕಲ್ವಾ? ಹಾಗಾದರೆ ಇದು ಕಂಪನಿಯ ಎಂಜಿನ್ ದೋಷ, ವಾರಂಟಿಯಲ್ಲಿ ಮಾಡಿಸಿಕೊಳ್ಳೋಣ ಅಂತ ಧೈರ್ಯವಾಗಿಯೇ ಹೋಗಿದ್ದೆ.

ಸ್ಕ್ಯಾನರ್‌ನಲ್ಲಿ P0302 ಬಂತು, ಅಂದರೆ ಎಂಜಿನ್ನಿನ ಎರಡನೇ ಸಿಲಿಂಡರ್ ಮಿಸ್‌ಫೈರ್, ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಹುಡುಗ ಎರಡನೆಯದರ ಇಗ್ನಿಷನ್ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿದ, ಮೂರನೆಯದನ್ನು ಇಲ್ಲಿಗೆ. ಕಾಯಿಲ್ ಕೆಟ್ಟಿದ್ದರೆ ತೊಂದರೆಯೂ ಅದರ ಜೊತೆ ಹೋಗಿ P0303 ಬರಬೇಕು. ಬರಲಿಲ್ಲ, ಮತ್ತೆ P0302. ಪ್ಲಗ್ ಕೂಡ ಹಾಗೇ ಅದಲು ಬದಲು ಮಾಡಿ ನೋಡಿದ. ಆಮೇಲೆ ಇಂಜೆಕ್ಟರ್ ಹತ್ತಿರ ಕೈ ಹಾಕಿ ವೈರಿನ ಕಟ್ಟನ್ನು ಮೆಲ್ಲಗೆ ಅಲ್ಲಾಡಿಸಿದ. ಎಂಜಿನ್ ಒಂದು ಕ್ಷಣ ಸರಿಯಾಗಿ ಓಡಿ ಮತ್ತೆ ನಡುಗಿತು. ಆಗಲೇ ಕೇಳಿದ್ದು, ಈ ಟೇಪ್ ಯಾರು ಸುತ್ತಿದ್ದು ಸರ್.

ಕರಿ ಟೇಪ್ ಎಂಜಿನ್ ಬಿಸಿಗೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಬಿಚ್ಚಿದರೆ ಒಳಗೆ ಎರಡು ವೈರ್ ಬರೀ ಹೊಸೆದಿದ್ದಾರೆ. ಬೆಸುಗೆ ಇಲ್ಲ. ತಾಮ್ರ ಹಸಿರು ತಿರುಗಿತ್ತು.

ನನಗೆ ಗೊತ್ತಿಲ್ಲದೇ ಇದ್ದದ್ದು ಇದು. ಪ್ರತಿ ಸಿಲಿಂಡರಿಗೂ ಬೇರೆ ಬೇರೆಯಾಗಿ ಗ್ಯಾಸ್ ಬಿಡುವ ಈಗಿನ ಸೀಕ್ವೆನ್ಶಿಯಲ್ ಕಿಟ್ ಹಾಕುವಾಗ ಪೆಟ್ರೋಲ್ ಇಂಜೆಕ್ಟರಿಗೆ ಹೋಗುವ ವೈರಿನ ನಡುವೆ ಕಿಟ್‌ನ ಇಸಿಯು ಅನ್ನುವ ಪುಟ್ಟ ಕಂಪ್ಯೂಟರ್ ಬಂದು ಕೂರುತ್ತದೆ. ಗ್ಯಾಸ್‌ನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರನ್ನು ತಡೆಯುತ್ತದೆ, ಅದಕ್ಕೆ ಬರುವ ಸಿಗ್ನಲ್ ನೋಡಿಕೊಂಡು ಗ್ಯಾಸ್ ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕುತ್ತದೆ. ಪೆಟ್ರೋಲ್‌ನಲ್ಲಿ ಓಡಿದರೂ ಸಿಗ್ನಲ್ ಅದೇ ಜಾಯಿಂಟ್ ದಾಟಿಯೇ ಹೋಗಬೇಕು. ಜಾಯಿಂಟ್ ಕೆಟ್ಟರೆ ಎರಡೂ ಕೆಡುತ್ತದೆ. ವೈರ್ ಕತ್ತರಿಸದೆ ಕಪ್ಲರ್‌ನಿಂದ ಸೇರಿಸುವ ಹಾರ್ನೆಸ್ ಸಿಗುತ್ತದಂತೆ. ನನಗೆ ಹಾಕಿದವನು ಕಟಿಂಗ್ ಪ್ಲೇಯರ್ ಬಳಸಿದ್ದ.

ವಾರಂಟಿ ಪೂರ್ತಿ ಹೋಯಿತು ಅಂತ ಅವರು ಹೇಳಲಿಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ಸ್ಟೀರಿಂಗ್‌ನಲ್ಲಿ ಬರುತ್ತಿದ್ದ ಕಟಕಟ ಸದ್ದನ್ನು ಅದೇ ದಿನ ವಾರಂಟಿಯಲ್ಲೇ ಸರಿ ಮಾಡಿಕೊಟ್ಟರು. ಎಂಜಿನ್ ವೈರಿಂಗ್ ಮಾತ್ರ ಆಗಲ್ಲ ಅಂದರು. ವಾರಂಟಿ ಪುಸ್ತಕ ತೆಗೆದು ಮಾರ್ಪಾಡಿನಿಂದ ಬಂದ ದೋಷಕ್ಕೆ ನಾವು ಜವಾಬ್ದಾರರಲ್ಲ ಅನ್ನುವ ಸಾಲು ತೋರಿಸಿದರು. ವಾದ ಮಾಡಬೇಕು ಅಂತಲೇ ಹೋಗಿದ್ದೆ, ಆ ಹಸಿರು ತಾಮ್ರ ನೋಡಿದ ಮೇಲೆ ಬಾಯಿ ಬರಲಿಲ್ಲ. ಮುಂದೆ ಗ್ಯಾಸಿನಿಂದ ಎಂಜಿನ್ನಿನ ವಾಲ್ವ್ ಸೀಟ್ ಸವೆದರೂ ಇದೇ ಉತ್ತರ ಬರುತ್ತದೆ. ಕಂಪನಿಯೇ ಸಿಎನ್‌ಜಿ ಕೂರಿಸಿ ಕೊಟ್ಟ ಗಾಡಿಯಲ್ಲಿ ಈ ಜಗಳವೇ ಇಲ್ಲ. ವೈರಿಂಗ್ ಮೊದಲಿನಿಂದಲೇ ಎರಡು ಇಂಧನಕ್ಕೆ ಹೊಲಿದಿರುತ್ತದೆ. ಗ್ಯಾಸ್ ಸಿಲಿಂಡರ್, ಒತ್ತಡ ಇಳಿಸುವ ರೆಡ್ಯೂಸರ್, ಎಂಜಿನ್ ಎಲ್ಲಕ್ಕೂ ಹೋಗಿ ನಿಲ್ಲಲು ಒಂದೇ ಬಾಗಿಲು.

ಸಂಜೆ ಕಿಟ್ ಹಾಕಿದವನಿಗೆ ಫೋನ್ ಮಾಡಿದೆ. ಮಾತು ಬಲು ಸಿಹಿ ಅವನದು, ಅದಕ್ಕೇ ಬಿದ್ದಿದ್ದು ನಾನು. "ಗಾಡಿ ಓಡ್ತಿದ್ಯಲ್ಲ ಅಣ್ಣ?" ಅಂದ. ಆರ್‌ಸಿಯಲ್ಲಿ ಸಿಎನ್‌ಜಿ ಸೇರಿಸೋದು ಏನಾಯ್ತು ಅಂತ ಕೇಳಿದೆ. ಐದು ತಿಂಗಳಿಂದ "ಆಗುತ್ತೆ ಅಣ್ಣ" ಅನ್ನುತ್ತಿದ್ದವನು ಈ ಸಲ ಸುಮ್ಮನಾದ. ಮರುದಿನ ಅಂಗಡಿಗೇ ಹೋಗಿ ಕಿಟ್‌ನ ಕಾಗದ ಈಸಿಕೊಂಡು ಬಂದೆ.

ಸಿಲಿಂಡರಿನದು ಸರಿ ಇತ್ತು. ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊ ಒಪ್ಪಿದ ಸಿಲಿಂಡರ್, ಕೊರಳ ಹತ್ತಿರ ಸೀರಿಯಲ್ ನಂಬರ್, ಪರೀಕ್ಷೆಯ ತಿಂಗಳು ವರ್ಷ ಕೊರೆದಿದ್ದು ಕಾಗದಕ್ಕೆ ಹೊಂದುತ್ತಿತ್ತು. ಕಿಟ್‌ನ ಟೈಪ್ ಅಪ್ರೂವಲ್ ಪತ್ರದಲ್ಲೇ ಎಡವಟ್ಟು. ಈ ಪತ್ರ ಎಆರ್‌ಎಐ, ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗಳು ಕಿಟ್ ತಯಾರಕರಿಗೆ ಕೊಡುವಂಥದ್ದು. ಯಾವ ಅಳತೆಯ ಎಂಜಿನ್‌ಗೆ, ಯಾವ ಹೊಗೆ ಮಾನದಂಡದ ಗಾಡಿಗೆ ಅಂತ ಅದರಲ್ಲಿ ಬರೆದಿರುತ್ತದೆ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನನ್ನ ಪತ್ರದಲ್ಲಿ ಬಿಎಸ್ 4 ಅಂತಿತ್ತು. ನನ್ನ ಕಾರು ಬಿಎಸ್ 6. ಬಿಎಸ್ 6 ಗಾಡಿಗೆ ಹೊರಗಡೆ ಕಿಟ್ ಹಾಕಲು ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಅವಕಾಶ ಕೊಟ್ಟಿದೆ ನಿಜ, ಆದರೆ ಆ ಕಿಟ್ ಬಿಎಸ್ 6ಕ್ಕೇ ಪಾಸಾಗಿರಬೇಕು. ಆರ್‌ಟಿಓದವರು ಅರ್ಜಿ ವಾಪಸ್ ಕಳಿಸಿದ್ದು ಇದಕ್ಕೇ. ಅವರ ಮೇಲೆ ಸುಮ್ನೆ ಐದು ತಿಂಗಳು ಸಿಟ್ಟು ಮಾಡಿಕೊಂಡಿದ್ದೆ.

ಅಂದರೆ ಆರ್‌ಸಿಯಲ್ಲಿ ಇವತ್ತಿಗೂ ಬರೀ ಪೆಟ್ರೋಲ್. ಇನ್ಶೂರೆನ್ಸ್‌ನಲ್ಲೂ ಕಿಟ್ ಸೇರಿಲ್ಲ. ಐದು ತಿಂಗಳಲ್ಲಿ ಒಂದು ಅಪಘಾತವಾಗಿದ್ದರೆ ಕ್ಲೇಮಿನ ಗತಿ ಏನಾಗುತ್ತಿತ್ತೋ. ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ನನ್ನವಳಿಗೆ ಇದ್ಯಾವುದೂ ದೊಡ್ಡದಲ್ಲ. "ಡಿಕ್ಕಿಯ ಜಾಗ ಹೋದ ದಿನವೇ ಹೇಳಿದ್ದೆ ರೀ" ಅನ್ನುತ್ತಾಳೆ. ಅರವತ್ತು ಲೀಟರಿನ ಕಬ್ಬಿಣದ ಸಿಲಿಂಡರ್ ಹಿಂದಿನ ಸೀಟಿಗೆ ಒತ್ತಿಕೊಂಡು ಅಡ್ಡಕ್ಕೆ ಮಲಗಿದೆ. ಉಳಿದ ಸಂದಿಯಲ್ಲಿ ಎರಡು ಕೈಚೀಲ ಹಿಡಿಯುತ್ತದೆ. ಸ್ಟೆಪ್ನಿ ಅದರ ಅಡಿಯಲ್ಲಿ, ಹೊರಗೆ ಎಳೆಯಲು ಬ್ರಾಕೆಟ್ಟೇ ಅಡ್ಡ. ಆ ತೂಕಕ್ಕೆ ಕಾರಿನ ಹಿಂಭಾಗ ಕೂತಿದೆ, ಐದು ಜನ ಹತ್ತಿದರೆ ಹಂಪ್‌ನಲ್ಲಿ ತಳ ತಾಗುತ್ತದೆ. ಕಂಪನಿ ಗಾಡಿಗೆ ಆ ತೂಕ ನೋಡಿಕೊಂಡೇ ಹಿಂದಿನ ಸ್ಪ್ರಿಂಗ್ ಹಾಕಿರುತ್ತಾರೆ.

ಹಾಗಂತ ಕಂಪನಿ ಫಿಟ್ಟಿಂಗ್ ಅಂದ ತಕ್ಷಣ ಡಿಕ್ಕಿ ಉಳಿಯುತ್ತದೆ ಅಂದುಕೊಳ್ಳಬೇಡಿ. ಒಂದೇ ದೊಡ್ಡ ಸಿಲಿಂಡರ್ ಇರುವ ಮಾಡೆಲ್‌ಗಳಲ್ಲಿ ಕಥೆ ನನ್ನದೇ. ಆಫೀಸಿನ ಗೆಳೆಯನದು ಟಾಟಾ ಆಲ್ಟ್ರೋಜ್ ಸಿಎನ್‌ಜಿ, ಎರಡು ಮೂವತ್ತು ಲೀಟರಿನ ಸಿಲಿಂಡರ್ ನೆಲದಡಿ ಹಾಕಿ, ಸ್ಟೆಪ್ನಿಯನ್ನು ಕಾರಿನ ಕೆಳಗೆ ತೂಗುಹಾಕಿದ್ದಾರೆ. ಅದರಲ್ಲೂ ಪೆಟ್ರೋಲ್ ಮಾಡೆಲ್‌ನ 345 ಲೀಟರ್ ಡಿಕ್ಕಿ 210ಕ್ಕೆ ಇಳಿದಿದೆ. ಆದರೂ ಒಂದು ದೊಡ್ಡ ಸೂಟ್‌ಕೇಸ್ ಮಲಗಿಸಿ ತೋರಿಸಿದ. ಸ್ವಲ್ಪ ಜಂಬ ಅವನಿಗೆ, ಇರಲಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿಗೆ ನೀರಿನ ಒತ್ತಡ ಕೊಟ್ಟು ನೋಡುವ ಹೈಡ್ರೋ ಟೆಸ್ಟ್ ಅವನಿಗೂ ತಪ್ಪಿದ್ದಲ್ಲ, ಅದನ್ನು ಹೇಳಿ ನಾನೂ ಸ್ವಲ್ಪ ಸಮಾಧಾನ ಮಾಡಿಕೊಂಡೆ.

ವಾರಂಟಿ ಮುಗಿದ ಹಳೇ ಗಾಡಿಯಾಗಿದ್ದು, ಪತ್ರವೂ ಸರಿ ಇದ್ದಿದ್ದರೆ ಕಿಟ್ ಹಾಕಿಸಿದ್ದಕ್ಕೆ ನನಗೆ ಬೇಸರವಿರುತ್ತಿರಲಿಲ್ಲ. ಹೊಸ ಗಾಡಿಯ ಬಾನೆಟ್ ಎತ್ತಿ ಕತ್ತರಿ ಕೊಟ್ಟವನು ನಾನೇ. ಹಾಕಿಸುವ ಮೊದಲು ಆ ಒಂದು ಹಾಳೆ ಕೇಳಿ ಓದಿದ್ದರೆ ಅಲ್ಲೇ ಎದ್ದು ಬರುತ್ತಿದ್ದೆ. ಕೇಳಿದ್ದು ಬರೀ ಮೈಲೇಜ್.

ಸರ್ವಿಸ್ ಸೆಂಟರಿನ ಹುಡುಗ ವಾರಂಟಿ ಆಗಲ್ಲ ಅಂದರೂ ಬಿಟ್ಟು ಹೋಗಲಿಲ್ಲ. ಜಾಯಿಂಟ್ ಬಿಚ್ಚಿ ಬೆಸುಗೆ ಹಾಕಿ, ಮೇಲೆ ಬಿಸಿಗೆ ಬಿಗಿಯುವ ಸ್ಲೀವ್ ಹಾಕಿಕೊಟ್ಟ. ಇನ್ನೂ ಮೂರು ಇಂಜೆಕ್ಟರಿಗೆ ಇದೇ ಟೇಪ್ ಇದೆ ಅಂತ ತೋರಿಸಿದ, ಅವನ್ನೂ ಮಾಡಿಸಿದೆ. ಬಿಎಸ್ 6 ಪತ್ರವಿರುವ ಕಿಟ್ ಸಿಗುವ ತನಕ ಸಿಲಿಂಡರ್ ವಾಲ್ವ್ ಮುಚ್ಚಿಸಿದ್ದೇನೆ. ಸದ್ಯಕ್ಕೆ ಕಾರು ಅಷ್ಟೂ ಕಬ್ಬಿಣ ಹೊತ್ತುಕೊಂಡು ಪೆಟ್ರೋಲ್‌ನಲ್ಲಿ ಓಡುತ್ತಿದೆ.