ಜಾಯಿನಿಂಗ್ ತಾರೀಖು ಮುಂದಕ್ಕೆ ಹಾಕಿಸಿಕೊಂಡದ್ದು

ಹುಬ್ಬಳ್ಳಿ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಇನ್ನೊಂದು ಕಂಪನಿಯಿಂದ ಆಫರ್ ಬಂತು. ಆ ಪತ್ರದಲ್ಲಿ ಸಂಬಳಕ್ಕಿಂತ ಹೆಚ್ಚು ಹೊತ್ತು ನಾನು ಓದಿದ್ದು ಒಂದೇ ಸಾಲು: ಏಪ್ರಿಲ್ 15ರೊಳಗೆ ಕೆಲಸಕ್ಕೆ ಹಾಜರಾಗದಿದ್ದರೆ ಈ ಆಫರ್ ತಾನಾಗಿಯೇ ರದ್ದಾಗುತ್ತದೆ. ಸಂದರ್ಶನದಲ್ಲೇ ನನ್ನ ನೋಟಿಸ್ ಅವಧಿ 90 ದಿನ ಎಂದು ಹೇಳಿದ್ದೆ. 'ಎಲ್ಲಾ ಕಡೆ ಹಂಗ ಬರದಿರತಾರ್ರೀ, ಮಾತಾಡಿದ್ರ ನಲವತ್ತೈದಕ್ಕ ಬಿಡ್ತಾರ' ಅಂದಿದ್ದರು ಅಲ್ಲಿಯ ಎಚ್‌ಆರ್ ಮೇಡಂ.

ಮಾರ್ಚ್ 3ರಂದು ರಾಜೀನಾಮೆಯನ್ನು ಮೇಲ್ ಮಾಡಿದೆ. ಕೈಯಲ್ಲಿ ಪತ್ರ ಕೊಟ್ಟು ಬರುವುದಕ್ಕಿಂತ ಇದು ಮೇಲು. ನೋಟಿಸ್ ಯಾವ ದಿನದಿಂದ ಶುರು ಎಂಬ ತಕರಾರು ಎದ್ದರೆ ಮೇಲ್ ಹೋದ ತಾರೀಖೇ ಸಾಕ್ಷಿ. ಮರುದಿನದಿಂದ ಎಣಿಸಿದರೆ 90ನೇ ದಿನ ಜೂನ್ 1, ಭಾನುವಾರ. ಅಂದರೆ ಯಾರೂ ಏನೂ ರಿಯಾಯಿತಿ ಕೊಡದಿದ್ದರೂ ಜೂನ್ 2ರ ಸೋಮವಾರ ನಾನು ಧಾರವಾಡದಲ್ಲಿ ಇರಬಲ್ಲೆ. ಮುಂದಿನ ಮಾತುಕತೆಯಲ್ಲೆಲ್ಲ ನಾನು ಹಿಡಿದುಕೊಂಡದ್ದು ಇದೊಂದೇ ತಾರೀಖು. ಇದು ಯಾರ ಕೃಪೆಯ ಮೇಲೂ ನಿಂತಿರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಹಿರಿಯರು, ಮನಸ್ಸು ದೊಡ್ಡದು. 'ನೋಡವಾ, ಏಪ್ರಿಲ್ ಹನ್ನೆರಡಕ್ಕ ಬಿಟ್ಟಬಿಡ್ತೀನಿ, ಚಿಂತಿ ಮಾಡಬ್ಯಾಡ' ಅಂದರು. ಅವರು ಹೇಳಿದ್ದು ಮನಸಾರೆಯೇ. ಆದರೆ ರಿಲೀವಿಂಗ್ ಪತ್ರಕ್ಕೆ ಸಹಿ ಮಾಡುವವರು ಪ್ಲಾಂಟ್ ಹೆಡ್. ಮಾರ್ಚ್ ನಡುವಿಗೆ ಐಎಟಿಎಫ್ ಆಡಿಟ್ ದಿನಗಳು ಬಂದವು: ಮೇ 12ರಿಂದ 14. ವಾಹನ ಕಂಪನಿಗಳಿಗೆ ಮಾಲು ಕೊಡುವವರಿಗೆ ಈ ಗುಣಮಟ್ಟದ ಪ್ರಮಾಣಪತ್ರ ಇಲ್ಲದಿದ್ದರೆ ವ್ಯಾಪಾರಕ್ಕೇ ಕುತ್ತು. ಅಳತೆ ಉಪಕರಣಗಳ ಕ್ಯಾಲಿಬ್ರೇಶನ್ ದಾಖಲೆ, ಕಂಟ್ರೋಲ್ ಪ್ಲಾನ್, ಗ್ರಾಹಕರ ದೂರಿನ ಕಡತ ಎಲ್ಲವೂ ನನ್ನ ಕೈಯಲ್ಲಿದ್ದವು. ಏಪ್ರಿಲ್ 12ರ ಮಾತು ಅಲ್ಲಿಗೆ ನಿಂತಿತು. ಎಚ್‌ಆರ್ ಸಾಹೇಬರನ್ನು ಕೇಳಿದರೆ 'ನೋಡೋಣ್ರೀ, ಮ್ಯಾಲಿನವರ ಜೋಡಿ ಮಾತಾಡ್ತೀನಿ' ಎಂಬುದಷ್ಟೇ ಉತ್ತರ.

ಆಗ ಸಲಹೆ ಕೊಟ್ಟವರು ಬಹಳ ಮಂದಿ. ಹೇಳದೆ ಕೇಳದೆ ಬಿಟ್ಟು ಹೋಗು ಅಂದರು ಕೆಲವರು. ಹಾಗೆ ಹೋದರೆ ರಿಲೀವಿಂಗ್ ಪತ್ರ ಸಿಗುವುದಿಲ್ಲ, ಹೊಸ ಕಂಪನಿ ಹಿನ್ನೆಲೆ ಪರಿಶೀಲನೆಗೆ ಕೇಳುವುದೇ ಅದನ್ನು. ಪಿಎಫ್‌ನಲ್ಲಿಯೂ ಸಿಕ್ಕಿಬೀಳುತ್ತೇವೆ. ಎಲ್ಲ ನೌಕರಿಗೂ ಪಿಎಫ್ ಸಂಖ್ಯೆಯಾದ ಯುಎಎನ್ ಒಂದೇ ಆದ್ದರಿಂದ ಹಳೆಯ ಕಂಪನಿ ನಮೂದಿಸಿದ ಬಿಟ್ಟ ದಿನ ಹೊಸ ಕಂಪನಿ ನಮೂದಿಸಿದ ಸೇರಿದ ದಿನಕ್ಕಿಂತ ಮುಂದೆ ಇದ್ದರೆ ಎರಡು ನೌಕರಿ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ, ಆಗ ಅದರಿಂದ ಹಣ ವರ್ಗಾವಣೆಗೂ ತಡೆ ಬೀಳುತ್ತಿತ್ತು. ಇನ್ನು ಕೆಲವರು ಹಳೆಯವರ ನಿರ್ಧಾರ ಬರುವ ತನಕ ಹೊಸ ಕಂಪನಿಗೆ ಏನೂ ಹೇಳಬೇಡ ಅಂದರು. ಇದು ನನಗೆ ಇನ್ನೂ ಅಪಾಯದ್ದು ಅನಿಸಿತು. ಸೇರಬೇಕಾದ ದಿನಕ್ಕೆ ನಾಲ್ಕು ದಿನ ಇರುವಾಗ ಹೇಳಿದರೆ ಅವರ ಕೈಯಲ್ಲಿ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಹೊತ್ತೇ ಇರುವುದಿಲ್ಲ. ಇನ್ನೂ ಮೂರು ವಾರಕ್ಕಿಂತ ಹೆಚ್ಚು ಸಮಯ ಇರುವಾಗಲೇ ನಾನು ಬರೆದೆ.

ಬರೆಯುವ ಮುಂಚೆ ಫೋನ್ ಮಾಡಿದೆ. ಎಚ್‌ಆರ್ ಮೇಡಂ ಮೊದಲು ಹೇಳಿದ್ದು ಬೈಔಟ್ ಬಗ್ಗೆ: 'ಉಳದ ದಿನದ ರೊಕ್ಕಾ ಕಟ್ಟಿ ಬರ್ರಿ, ಅರ್ಧ ನಾವು ಕೊಡೂಣು.' ಲೆಕ್ಕ ಹಾಕಿದೆ. ಏಪ್ರಿಲ್ 14ಕ್ಕೆ ಬಿಟ್ಟರೆ ಜೂನ್ 1ರ ತನಕ 48 ದಿನ ಕಡಿಮೆ ಬೀಳುತ್ತದೆ. ನನ್ನ ಗಳಿಕೆ ರಜೆ 11 ಕಳೆದರೆ 37 ದಿನ. ನನ್ನ ಸಂಬಳ ತಿಂಗಳಿಗೆ 42,000, ಅಂದರೆ ದಿನಕ್ಕೆ 1,400. ಒಟ್ಟು 51,800 ರೂಪಾಯಿ. ಮೂಲ ವೇತನದ ಮೇಲೆ ಹಿಡಿಯುವ ಕಂಪನಿಗಳೂ ಇವೆ, ಅಲ್ಲಿ ಈ ಮೊತ್ತ ಅರ್ಧಕ್ಕಿಂತ ಕಡಿಮೆ ಆಗಬಹುದು. ನನ್ನ ನೇಮಕಾತಿ ಪತ್ರದಲ್ಲಿ ಪೂರ್ತಿ ಸಂಬಳ ಎಂದೇ ಇತ್ತು. ಅದಕ್ಕಿಂತ ಮುಖ್ಯವಾದದ್ದು ಅದೇ ಸಾಲಿನ ಇನ್ನೊಂದು ತುಂಡು: ನೋಟಿಸ್ ಬದಲು ಹಣ ಪಡೆಯುವುದು 'ಕಂಪನಿಯ ವಿವೇಚನೆಗೆ ಬಿಟ್ಟದ್ದು'. ಹೀಗೆ ಬರೆದಿದ್ದರೆ ನಾವು ದುಡ್ಡು ಮುಂದಿಟ್ಟರೂ ಅವರು ಒಪ್ಪಲೇಬೇಕೆಂದಿಲ್ಲ. ಆಡಿಟ್ ತಲೆಯ ಮೇಲಿರುವಾಗ ನಮ್ಮವರಿಗೆ ಬೇಕಾದದ್ದು ನಾನು, ನನ್ನ ಹಣ ಅಲ್ಲ. ಈ ಸಾಲನ್ನು ಮೇಡಂಗೆ ಓದಿ ಹೇಳಿದೆ. ಬೈಔಟ್ ಮಾತು ಅಲ್ಲಿಗೇ ಮುಗಿಯಿತು.

ಆಮೇಲೆ ನಾನು ಕೇಳಿದ್ದು, ಏಪ್ರಿಲ್ 15 ಅನ್ನುವ ದಿನ ಯಾವ ಕೆಲಸಕ್ಕಾಗಿ ಎಂದು. ಅವರಿಗೆ ಅದು ಗೊತ್ತಿರಲಿಲ್ಲ. ಹುದ್ದೆ ಮಂಜೂರಾದಾಗ ಯಾರೋ ಬರೆದ ತಾರೀಖು, ಹಾಗೆಯೇ ಆಫರಿಗೆ ಇಳಿದಿತ್ತು. ನನ್ನನ್ನು ಸಂದರ್ಶಿಸಿದ ಕ್ವಾಲಿಟಿ ಮ್ಯಾನೇಜರ್ ಜೊತೆ ಮಾತಾಡಲು ಅವಕಾಶ ಕೊಡಿ ಎಂದು ಕೇಳಿಕೊಂಡೆ. ಅವರು ಬಿಚ್ಚಿ ಹೇಳಿದರು: ಒಂದು ಹೊಸ ಬಿಡಿಭಾಗದ ಮೊದಲ ಮಾದರಿಗಳು ಜೂನ್ ಮೊದಲ ವಾರ ಬರುತ್ತವೆ. ಅದಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ಪಿಪಿಎಪಿ ಕಡತ ಜೂನ್ ಕೊನೆಗೆ ಹೋಗಬೇಕು. ಕಡತಕ್ಕೆ ಬೇಕಾದ ಗೇಜ್ ಅಧ್ಯಯನ, ಅಂದರೆ ಅಳೆಯುವ ಉಪಕರಣವನ್ನೇ ನಂಬಬಹುದೇ ಎಂಬ ಪರೀಕ್ಷೆ, ಮೇ ಕೊನೆಯ ವಾರ ಶುರುವಾಗಬೇಕು. 'ಅದರ ಮುಂಚೆ ಒಂದ್ ವಾರ ಲೈನ್ ನೋಡಿರಬೇಕ್ರಿ. ಜೂನ್ ಎರಡು ಅಂದ್ರ ನಮಗ ಭಾಳ ಬಿಗಿ ಆಗ್ತದ. ಮೇ ಇಪ್ಪತ್ತರ ಒಳಗ ಬಂದ್ರ ನಡೀತದ.'

ಈ ಒಂದು ಮಾತಿನಿಂದ ನನ್ನ ಎದುರಿನ ಚಿತ್ರ ಬದಲಾಯಿತು. ಏಪ್ರಿಲ್ 15 ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಆದರೆ ಮೇ 20 ನಿಜವಾದ ಗೆರೆ. ಹಳೆಯ ಕಡೆಯ ಗೆರೆ ಮೇ 14, ಆಡಿಟ್ ಮುಗಿಯುವ ದಿನ. ನಡುವೆ ಐದಾರು ದಿನದ ಜಾಗ ಇತ್ತು. ಎರಡೂ ಕಡೆಯವರಿಗೆ ಇದು ಕಾಣುವಂತಿರಲಿಲ್ಲ, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿಲ್ಲವಲ್ಲ.

ಅಂದೇ ಸಂಜೆ ಹೊಸ ಕಂಪನಿಗೆ ಮೇಲ್ ಬರೆದೆ. ಅದರ ತಿರುಳು ಇಷ್ಟು:

'ಮಾರ್ಚ್ 3ರಂದು ರಾಜೀನಾಮೆ ಕೊಟ್ಟಿದ್ದೇನೆ, ಮೇಲ್ ಪ್ರತಿ ಲಗತ್ತಿಸಿದೆ. ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಜೂನ್ 1ಕ್ಕೆ ಮುಗಿಯುತ್ತದೆ. ಮೇ 14ರ ಆಡಿಟ್ ನಂತರ ಬಿಡುಗಡೆ ಮಾಡುವಂತೆ ಮಾತುಕತೆ ನಡೆದಿದೆ. ಮೇ 19ರ ಸೋಮವಾರ ಸೇರಲು ಅನುಮತಿ ಕೋರುತ್ತೇನೆ. ಅದು ಖಚಿತವಾಯಿತೇ ಇಲ್ಲವೇ ಎಂಬುದನ್ನು ಏಪ್ರಿಲ್ 4ರೊಳಗೆ ಬರಹದಲ್ಲಿ ತಿಳಿಸುತ್ತೇನೆ. ಆಗದಿದ್ದರೆ ಜೂನ್ 2 ನಾನು ಸೇರುವ ಕಡೆಯ ದಿನ, ಅದಕ್ಕಿಂತ ಮುಂದೆ ಹೋಗುವುದಿಲ್ಲ.'

'ಸ್ವಲ್ಪ ದಿನ ಟೈಮ್ ಕೊಡಿ' ಎಂದು ಬರೆಯಲಿಲ್ಲ. ಹಾಗೆ ಬರೆದರೆ ಓದಿದವರು ಮೇಲಿನವರ ಮುಂದೆ ಇಡಲು ಏನೂ ಇರುವುದಿಲ್ಲ. ಒಂದು ವಾರ, ಮತ್ತೊಂದು ವಾರ ಎಂದು ಎಳೆಯುವುದು ಇನ್ನೂ ಕೆಟ್ಟದ್ದು. ಎರಡನೇ ಸಲ ಕೇಳುವಾಗಲೇ ಇವರು ಬರುವವರೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ನಿರ್ಧಾರ ತಿಳಿಸುವ ದಿನವನ್ನೂ ನಾನೇ ಕೊಟ್ಟದ್ದು ಇದಕ್ಕಾಗಿ. ಹಣದ ಸಹಾಯವನ್ನೂ ಕೇಳಲಿಲ್ಲ. ಸಮಯ ಮತ್ತು ದುಡ್ಡು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಹಳೆಯ ಕಡೆ. ಪ್ಲಾಂಟ್ ಹೆಡ್ ಹತ್ತಿರ ಹೋಗಿ, ಆಡಿಟ್ ಮುಗಿಸಿಯೇ ಹೋಗುತ್ತೇನೆ, ಮೇ 17ಕ್ಕೆ ಬಿಡಿ ಅಂದೆ. ಅವರಿಗೆ ಸಮಾಧಾನವಾಯಿತು. ಆದರೆ ಎಚ್‌ಆರ್ ತಂದ ಕರಡಿನಲ್ಲಿ 'ಆಡಿಟ್ ನ್ಯೂನತೆಗಳು ಕ್ಲೋಸ್ ಆದ ಬಳಿಕ' ಎಂದಿತ್ತು. ಓದಿದರೆ ಎರಡೂ ಒಂದೇ ಅನಿಸಬಹುದು, ಆದರೆ ಅಲ್ಲ. ಆಡಿಟರ್ ಎನ್‌ಸಿ, ಅಂದರೆ ನ್ಯೂನತೆ, ಬರೆದರೆ ಮೂಲ ಕಾರಣ ಹುಡುಕಿ, ತಿದ್ದುಪಡಿ ಮಾಡಿ, ಪುರಾವೆ ಕಳಿಸಿ ಅದು ಮುಚ್ಚುವ ಹೊತ್ತಿಗೆ ವಾರಗಳು ಹಿಡಿಯುತ್ತವೆ. ಆ ಸಾಲಿನಲ್ಲಿ ತಾರೀಖೇ ಇರಲಿಲ್ಲ. 'ಸರ್, ಹದಿನೈದರಿಂದ ಹದಿನೇಳರ ತನಕ ಕೂತು ಪ್ರತಿ ಎನ್‌ಸಿಗೂ ಮೂಲ ಕಾರಣದ ಕರಡು ಬರದು ಕೊಡ್ತೀನಿ. ಮುಂದಿಂದು ನನ್ನ ಜಾಗಾಕ್ಕ ಬರೋರು ಮಾಡ್ತಾರ. ತಾರೀಖ್ ಮಾತ್ರ ಹಾಕ್ರಿ' ಅಂದೆ. ಯಾವ ಕಡತ ಯಾರಿಗೆ, ಯಾವ ವಾರ ಎಂದು ಒಂದು ಹಾಳೆಯ ಹಸ್ತಾಂತರದ ಪಟ್ಟಿಯನ್ನೂ ಜೊತೆಗಿಟ್ಟೆ. ನನ್ನ ಕೆಳಗಿದ್ದ ಕುಂದಗೋಳದ ಹುಡುಗ ಆಗಲೇ ಕ್ಯಾಲಿಬ್ರೇಶನ್ ರಿಜಿಸ್ಟರ್ ನೋಡಿಕೊಳ್ಳತೊಡಗಿದ್ದ. ಆ ಪಟ್ಟಿಯಲ್ಲಿ ಅವನ ಹೆಸರು ಕಂಡಾಗ ಪ್ಲಾಂಟ್ ಹೆಡ್ ಪೆನ್ನು ತೆಗೆದು 'ಕ್ಲೋಸ್ ಆದ ಬಳಿಕ' ಎಂಬುದನ್ನು ಹೊಡೆದು, ಪಕ್ಕದಲ್ಲಿ 17 ಮೇ ಎಂದು ಬರೆದು ಸಹಿ ಮಾಡಿದರು.

ಉಳಿದ 15 ದಿನದಲ್ಲಿ 11 ರಜೆಗೆ ಹೊಂದಿಕೆ, 4 ದಿನದ ಕಡಿತ 5,600 ರೂಪಾಯಿ. ಲೆಕ್ಕದ ಹಾಳೆಯಲ್ಲಿ ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಎಂದು 1,008 ರೂಪಾಯಿ ಸೇರಿಸಿದ್ದರು. ನೋಟಿಸ್ ಕಡಿತಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆ 178ರಲ್ಲಿ ಸ್ಪಷ್ಟಪಡಿಸಿದೆ. ಅದನ್ನು ತೋರಿಸಿದೆ, ಅಕೌಂಟ್ಸಿನವರು ತೆಗೆದರು.

ಏಪ್ರಿಲ್ 4ಕ್ಕೆ ಮುಂಚೆಯೇ ಸಹಿಯಾದ ಒಪ್ಪಿಗೆ ಪತ್ರವನ್ನು ಧಾರವಾಡಕ್ಕೆ ಕಳಿಸಿದೆ. ಮೇಡಂ ಫೋನ್ ಮಾಡಿ 'ಆತ್ರೀ, ಹತ್ತೊಂಬತ್ತಕ್ಕ ಬರ್ರಿ' ಅಂದರು. ಆದರೆ ನನ್ನ ಕೈಯಲ್ಲಿದ್ದ ಆಫರ್ ಪತ್ರ ಇನ್ನೂ ಏಪ್ರಿಲ್ 15ರದ್ದೇ, ಆ ದಿನ ದಾಟಿದರೆ ತಾನಾಗಿ ರದ್ದಾಗುವಂಥದ್ದು. ಮೇಡಂ ರಜೆ ಮೇಲೆ ಹೋದರೆ, ಇಲ್ಲವೇ ಕೆಲಸ ಬಿಟ್ಟರೆ, ಫೋನಿನ ಮಾತಿಗೆ ಯಾರು ಹೊಣೆ? ತಾರೀಖು ಬದಲಿಸಿದ ತಿದ್ದುಪಡಿ ಪತ್ರ ಬೇಕು, ಜಾಯಿನಿಂಗ್ ಪೋರ್ಟಲಿನಲ್ಲೂ ಬದಲಾಗಬೇಕು ಎಂದು ವಿನಯದಿಂದಲೇ ಕೇಳಿದೆ. ಪತ್ರ ಎರಡು ದಿನದಲ್ಲಿ ಬಂತು. ಪೋರ್ಟಲಿನಲ್ಲಿ ಮಾತ್ರ ಹಳೆಯ ದಿನವೇ ಉಳಿದಿತ್ತು. ಏಪ್ರಿಲ್ 16ರ ಬೆಳಿಗ್ಗೆ 'ನೀವು ಹಾಜರಾಗಿಲ್ಲ' ಎಂದು ತಾನಾಗಿ ಹೊರಟ ಮೇಲ್ ನನಗೆ ಬಂತು. ತಿದ್ದುಪಡಿ ಪತ್ರವನ್ನು ಲಗತ್ತಿಸಿ ಉತ್ತರಿಸಿದೆ, ಮಧ್ಯಾಹ್ನದೊಳಗೆ ಸರಿಮಾಡಿದರು. ಆ ಪತ್ರ ಇಲ್ಲದಿದ್ದರೆ ಅಂದು ನಾನು ಏನೆಂದು ಉತ್ತರಿಸುತ್ತಿದ್ದೆನೋ ಗೊತ್ತಿಲ್ಲ.

ಆಡಿಟ್‌ನಲ್ಲಿ ಎರಡು ಸಣ್ಣ ಎನ್‌ಸಿ ಬಂದವು. ಅವುಗಳ ಮೂಲ ಕಾರಣದ ಕರಡನ್ನು ಬರೆದು ಕೊಟ್ಟು, 17ರ ಸಂಜೆ ರಿಲೀವಿಂಗ್ ಪತ್ರ ತೆಗೆದುಕೊಂಡೆ. ಸೋಮವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ, ಅಲ್ಲಿಂದ ಬೇಲೂರು ಮುಟ್ಟಿದೆ. ಪಿಎಫ್ ಖಾತೆಯಲ್ಲಿ ಬಿಟ್ಟ ದಿನ ಮೇ 17, ಸೇರಿದ ದಿನ ಮೇ 19 ಎಂದು ಬಿದ್ದಿದೆಯೇ ಎಂಬುದನ್ನು ಜೂನ್‌ನಲ್ಲಿ ನೋಡಿಕೊಂಡ ಮೇಲೆಯೇ ವರ್ಗಾವಣೆಗೆ ಅರ್ಜಿ ಹಾಕಿದೆ.