ಸವೆದ ಉಂಗುರದ ಲೆಕ್ಕ

ನಾನು ಕೋಡಿಕ್ಕರೈಗೆ ಹೋಗಬೇಕೆಂದುಕೊಂಡದ್ದು ನಮ್ಮ ಕಡೆಯ ಮಂಗನ ಕಾಯಿಲೆಯಿಂದಾಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಹಿಂದೆಯೇ ಜನರಿಗೂ ಜ್ವರ ಬಂದ ಸಂಗತಿ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಎಳೆ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ಜ್ವರದ ವೈರಸ್ಸು ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ಮಿದುಳಿನ ಉರಿಯೂತದ ವೈರಸ್ಸನ್ನು ಹೋಲುತ್ತಿತ್ತು. ಹಾಗಾದರೆ ಚಳಿಗಾಲಕ್ಕೆ ಸೈಬೀರಿಯಾದಿಂದ ಬರುವ ಹಕ್ಕಿಗಳು ತಮ್ಮ ಮೈಮೇಲಿನ ಉಣ್ಣೆಗಳ ಜೊತೆಗೆ ಇದನ್ನು ಹೊತ್ತು ತಂದಿರಬಹುದೇ? ಉತ್ತರ ಬೇಕಾದರೆ ಹಕ್ಕಿಗಳನ್ನು ಹಿಡಿದು ನೋಡಬೇಕು. ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಕಾಲಿಗೆ ಉಂಗುರ ತೊಡಿಸಬೇಕು. ಸಲೀಂ ಅಲಿಯವರು ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಆ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡರು. ಹಕ್ಕಿಗಳು ಆ ವೈರಸ್ಸನ್ನು ತಂದವು ಎಂಬುದಕ್ಕೆ ಆಧಾರ ಸಿಗಲಿಲ್ಲ. ಆದರೆ ಉಂಗುರ ತೊಡಿಸುವ ಕೆಲಸ ಕೋಡಿಕ್ಕರೈಯಂಥ ಕಡೆ ಉಳಿದುಕೊಂಡಿತು. ನಮ್ಮೂರ ಕಾಡಿನಲ್ಲಿ ಹುಟ್ಟಿದ ಒಂದು ಪ್ರಶ್ನೆ ಇಷ್ಟು ದೂರ ಹೋಗಿದೆಯೆಂದರೆ ಅದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು.

ಕೋಡಿಕ್ಕರೈ ಇರುವುದು ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆಯಲ್ಲಿ, ವೇದಾರಣ್ಯದ ಆಚೆ ನೆಲ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಮೂಲೆಯಲ್ಲಿ. ಒಂದು ಕಡೆ ಕುರುಚಲು ಕಾಡು, ಇನ್ನೊಂದು ಕಡೆ ಉಪ್ಪು ಬೆಳೆಯುವ ಪಾತಿಗಳು, ನಡುವೆ ಕಣ್ಣು ಹಾಯುವಷ್ಟು ದೂರ ಮೊಣಕಾಲುದ್ದಕ್ಕಿಂತ ಕಡಿಮೆ ನೀರು ನಿಂತ ಕೆಸರು ಬಯಲು. ಜನವರಿಯಲ್ಲಿ ಆ ಬಯಲಿನ ತುಂಬ ಕೆಸರಿನಲ್ಲಿ ಮೇಯುವ ಗೊರವ ಹಕ್ಕಿಗಳು. ಸ್ವಯಂಸೇವಕಿಯಾಗಿ ಹೋಗಿದ್ದ ನನಗೆ ಮೊದಮೊದಲು ಸಿಕ್ಕ ಕೆಲಸ ಬಿದಿರಿನ ಗಳುಗಳನ್ನು ಹೊರುವುದು.

ಬಲೆ ಕಟ್ಟಲು ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳೇ ಬೇಕು. ಬೆಳದಿಂಗಳಿದ್ದರೆ ಗೊರವಗಳಿಗೆ ಬಲೆ ಕಾಣುತ್ತದೆ. ಕೂದಲೆಳೆಯಷ್ಟು ಸಣ್ಣ ಕಪ್ಪು ನೈಲಾನ್ ದಾರದ ಈ ಬಲೆಯಲ್ಲಿ ಅಡ್ಡಕ್ಕೆ ಬಿಗಿದ ದಪ್ಪ ಹಗ್ಗಗಳಿರುತ್ತವೆ. ಅವುಗಳ ಕೆಳಗೆ ಬಲೆ ಸಡಿಲವಾಗಿ ಚೀಲದಂತೆ ಜೋತುಬಿದ್ದಿರುತ್ತದೆ. ಹಾರಿ ಬಂದ ಹಕ್ಕಿ ಬಲೆಗೆ ತಾಗಿ ಆ ಚೀಲದೊಳಕ್ಕೆ ಬೀಳುತ್ತದೆ. ಕೆಳಗಿನ ಚೀಲ ನೀರಿಗೆ ತಾಗುವಂತಿದ್ದರೆ ಬಿದ್ದ ಹಕ್ಕಿ ಮುಳುಗಿ ಸಾಯುತ್ತದೆ. ಆದ್ದರಿಂದ ಗಾಳಿ ತಿರುಗಿ ನೀರು ಏರಿದಾಗಲೆಲ್ಲ ಬಲೆಯನ್ನು ಮೇಲಕ್ಕೆತ್ತಿ ಕಟ್ಟಬೇಕು. ಅರ್ಧ ಗಂಟೆಗೊಮ್ಮೆಯಾದರೂ ಸುತ್ತು ಹಾಕದಿದ್ದರೆ ನರಿಗಳು ನಮಗಿಂತ ಮೊದಲೇ ಬಂದಿರುತ್ತವೆ.

ಬಿಡಿಸುವುದನ್ನು ನನಗೆ ಕಲಿಸಿದವರು ಅಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಹಿರಿಯರು. ಅವರ ಮನೆಯ ಹಿಂದಿನ ತಲೆಮಾರು ಹಕ್ಕಿ ಹಿಡಿದು ಮಾರುತ್ತಿತ್ತಂತೆ. ಈ ದೇಶದಲ್ಲಿ ಉಂಗುರದ ಕೆಲಸ ನಿಂತಿರುವುದೇ ಇಂಥವರ ಕೈಚಳಕದ ಮೇಲೆ. ಬಿಹಾರದ ಮೀರ್‌ಶಿಕಾರರೂ ಹಾಗೆ ಬಂದವರೇ. ಈ ಮಾತು ವರದಿಗಳಲ್ಲಿ ಇನ್ನಷ್ಟು ದೊಡ್ಡದಾಗಿ ಬರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. "ಅಮ್ಮಾ, ಮೊದಲು ಅದು ಯಾವ ಕಡೆಯಿಂದ ಒಳಗೆ ಬಂತು ನೋಡಿ. ಕೊನೆಗೆ ಸಿಕ್ಕಿಕೊಂಡದ್ದು ಕಾಲು, ಅದನ್ನೇ ಮೊದಲು ಬಿಡಿಸಿ" ಎಂದು ಅವರು ತಮಿಳಿನಲ್ಲಿ ಹೇಳುತ್ತಿದ್ದರು. ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ಅವಸರದಲ್ಲಿ ಎಳೆದರೆ ದಾರ ನಾಲಿಗೆಯ ಹಿಂದಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಗೊರವಗಳ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಬಲೆಯಲ್ಲಿ ಒದ್ದಾಡಿದ ಉದ್ದ ಕಾಲಿನ ಹಕ್ಕಿಯನ್ನು ಬೆಚ್ಚಗಿನ, ಇಕ್ಕಟ್ಟಾದ ಜಾಗದಲ್ಲಿ ಬಹಳ ಹೊತ್ತು ಇಟ್ಟರೆ ಕಾಲಿನ ಸ್ನಾಯುಗಳು ಕೆಡುತ್ತವೆ. ಕೈಯಲ್ಲಿ ಹಿಡಿದಿರುವಾಗ ಏನೂ ಕಾಣುವುದಿಲ್ಲ. ನೆಲದ ಮೇಲೆ ಬಿಟ್ಟಾಗ ಹಕ್ಕಿ ಎದ್ದು ನಿಲ್ಲಲಾರದೆ ಎದೆಯ ಮೇಲೆ ಕುಸಿಯುತ್ತದೆ. ಅದಕ್ಕಾಗಿಯೇ ಅಲ್ಲಿ ಯಾರೂ ಗೊರವವನ್ನು ಗಾಳಿಯಲ್ಲಿ ತೂರಿ ಬಿಡುವುದಿಲ್ಲ. ನೀರಿನ ಅಂಚಿನಲ್ಲಿ ನೆಲದ ಮೇಲೆ ಇಟ್ಟು, ಅದು ನಾಲ್ಕು ಹೆಜ್ಜೆ ನಡೆಯುವುದನ್ನು ನೋಡಿಯೇ ಹಿಂತಿರುಗುತ್ತಾರೆ. ಒಂದು ಸುತ್ತಿನಲ್ಲಿ ತೀರಾ ಹೆಚ್ಚು ಹಕ್ಕಿ ಬಿದ್ದರೆ ಕೆಲವನ್ನು ಉಂಗುರವಿಲ್ಲದೆ ಹಾಗೆಯೇ ಬಿಟ್ಟುಬಿಡುತ್ತಾರೆ.

ಒಂದು ರಾತ್ರಿಯ ಎರಡನೆಯ ಸುತ್ತಿನಲ್ಲಿ ನನ್ನ ಕೈಗೆ ಬಂದದ್ದು ಕರ್ಲ್ಯೂ ಸ್ಯಾಂಡ್‌ಪೈಪರ್. ಅಂಗೈಯಲ್ಲಿ ಕೂರುವ ಬೂದು ಬಣ್ಣದ ಗೊರವ, ತುದಿ ಕೆಳಕ್ಕೆ ಬಾಗಿದ ಕಪ್ಪು ಕೊಕ್ಕು. ಸೈಬೀರಿಯಾದ ಉತ್ತರ ತುದಿಯ ಮರವಿಲ್ಲದ ತಂಪು ಬಯಲುಗಳಲ್ಲಿ ಮರಿ ಮಾಡುತ್ತದೆ. ಚೀಲದಲ್ಲಿ ಹಾಕಿಕೊಳ್ಳುವಾಗ ಬೆರಳಿಗೆ ಲೋಹ ತಾಗಿತು. ಅದಕ್ಕೆ ಆಗಲೇ ಉಂಗುರವಿತ್ತು.

ಗುಡಿಸಲಿನ ದೀಪದಡಿ ಉಂಗುರವನ್ನು ನೀರಿನಿಂದ ತೊಳೆದು ಕೆಸರು, ಉಪ್ಪು ತೆಗೆದೆವು. ಈ ಉಂಗುರಗಳ ಮೇಲೆ ಇಂಗ್ಲಿಷಿನಲ್ಲಿ 'ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ' ಎಂಬ ಅರ್ಥದ ಮಾತೂ, ಅಕ್ಷರದ ಜೊತೆಗೊಂದು ಸಂಖ್ಯೆಯೂ ಇರುತ್ತವೆ. ನಮ್ಮ ಉಂಗುರದಲ್ಲಿ ಮಾತು ಅರ್ಧ ಮಾಸಿತ್ತು, ಸಂಖ್ಯೆಯ ಕೊನೆಯ ಅಂಕಿ 3 ಇರಬಹುದು, 8 ಇರಬಹುದು. ಅಲ್ಯೂಮಿನಿಯಂ ಹಗುರ, ಆದರೆ ಮೆದು. ಉಪ್ಪುನೀರು ಅದನ್ನು ತಿನ್ನುತ್ತದೆ, ಮರಳು ಉಜ್ಜುತ್ತದೆ. ಕಡಲಂಚಿನ ಹಕ್ಕಿಗಳಿಗೆ ಗಟ್ಟಿಯಾದ ಮಿಶ್ರಲೋಹದ ಉಂಗುರ ಬೇಕು ಎನ್ನುವುದು ಇದಕ್ಕೇ. ಕೆಸರಿಗೆ ತಾಗದಿರಲೆಂದು ಗೊರವಗಳಿಗೆ ಅನೇಕ ವೇಳೆ ಕಾಲಿನ ಕೀಲಿಗಿಂತ ಮೇಲ್ಭಾಗದಲ್ಲಿ ಉಂಗುರ ತೊಡಿಸುವುದೂ ಇದಕ್ಕೇ.

ಶಿಬಿರದ ಹಿರಿಯ ವಿಜ್ಞಾನಿ ಒಂದು ನಿಯಮ ಮಾಡಿದ್ದರು. ಸವೆದ ಸಂಖ್ಯೆಯನ್ನು ಮೂರು ಜನ ಬೇರೆ ಬೇರೆಯಾಗಿ ಓದಿ, ಬಾಯಿ ಬಿಡದೆ ಚೀಟಿಯಲ್ಲಿ ಬರೆಯಬೇಕು. ಒಬ್ಬರು ಜೋರಾಗಿ ಎಂಟು ಎಂದರೆ ಉಳಿದವರ ಕಣ್ಣಿಗೂ ಎಂಟೇ ಕಾಣುತ್ತದೆ ಎನ್ನುತ್ತಿದ್ದರು. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ಇಬ್ಬರು 3 ಎಂದು ಬರೆದಿದ್ದರು, ಒಬ್ಬರು 8 ಎಂದು.

ಬಹುಮತದಿಂದ ಇದನ್ನು ತೀರ್ಮಾನಿಸುವಂತಿಲ್ಲ. ಹಕ್ಕಿಯನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವಂತೆಯೂ ಇಲ್ಲ. ಬೇಕಾದ ಅಳತೆಗಳನ್ನು ತೆಗೆದೆವು: ಕ್ಯಾಲಿಪರ್‌ನಿಂದ ಕೊಕ್ಕಿನ ಉದ್ದ, ಅಳತೆಪಟ್ಟಿಯ ಮೇಲೆ ಚಪ್ಪಟೆ ಮಾಡಿ ರೆಕ್ಕೆಯ ಉದ್ದ, ಚೀಲದ ಸಮೇತ ತೂಕ. ಇನ್ನೊಂದು ಕಾಲಿಗೆ ಹೊಸ ಉಂಗುರ ತೊಡಿಸಿದೆವು. ತುದಿಗಳು ಸರಿಯಾಗಿ ಕೂಡುವವರೆಗೆ ಇಕ್ಕಳದಿಂದ ಅದುಮಬೇಕು. ನಡುವೆ ಬಿರುಕು ಉಳಿದರೆ ಬಲೆಯ ದಾರವೋ ಹುಲ್ಲೋ ಸಿಕ್ಕಿಕೊಳ್ಳುತ್ತದೆ. ಒಂದರ ಮೇಲೊಂದು ಏರಿದರೆ ಕಾಲನ್ನು ಕೊರೆಯುತ್ತದೆ. ಆಮೇಲೆ ಉಂಗುರ ಕಾಲಿನ ಸುತ್ತ ಸಲೀಸಾಗಿ ತಿರುಗುವುದೇ ಎಂದು ನೋಡಿ, ಹಕ್ಕಿಯನ್ನು ನೀರಿನ ಬಳಿ ಇಟ್ಟೆವು. ಅದು ನಡೆದು ಹೋಯಿತು.

ಮರುದಿನ ಬೆಳಿಗ್ಗೆ ದಾಖಲೆ ತೆಗೆದೆವು. 8ರಿಂದ ಮುಗಿಯುವ ಸಂಖ್ಯೆಯ ಉಂಗುರ ಹೋಗಿದ್ದುದು ಬೇರೆ ಜಾತಿಯ ಹಕ್ಕಿಗೆ. 3ರಿಂದ ಮುಗಿಯುವುದು 11 ವರ್ಷಗಳ ಹಿಂದಿನ ಒಂದು ಜನವರಿಯಲ್ಲಿ, ಇದೇ ಬಯಲಿನಲ್ಲಿ, ಕರ್ಲ್ಯೂ ಸ್ಯಾಂಡ್‌ಪೈಪರ್ ಒಂದಕ್ಕೆ. ಅಷ್ಟಕ್ಕೆ ಖುಷಿಪಟ್ಟು ಪುಸ್ತಕ ಮುಚ್ಚಬಹುದಿತ್ತು, ಆದರೆ ಹಿರಿಯ ವಿಜ್ಞಾನಿ ಇನ್ನೊಂದು ಅಂಕಣದ ಮೇಲೆ ಬೆರಳಿಟ್ಟರು: ಕೊಕ್ಕಿನ ಉದ್ದ. ಬೆಳೆದ ಹಕ್ಕಿಯ ಕೊಕ್ಕಿನ ಉದ್ದ ಆಮೇಲೆ ಹೆಚ್ಚು ಬದಲಾಗುವುದಿಲ್ಲ. ಗರಿ ಸವೆದು ಮತ್ತೆ ಹುಟ್ಟುವುದರಿಂದ ರೆಕ್ಕೆಯ ಅಳತೆ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ, ತೂಕವಂತೂ ವಾರದಿಂದ ವಾರಕ್ಕೆ ಬದಲಾಗುತ್ತದೆ. ಅಂದಿನ ಕೊಕ್ಕಿಗೂ ನಮ್ಮ ಕೊಕ್ಕಿಗೂ ಇದ್ದ ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಸವೆದ ಅಂಕಿಯನ್ನು 3 ಎಂದು ಒಪ್ಪಿದ್ದು ಆಗ.

ಹಾಗಾದರೆ ಹಕ್ಕಿಯ ವಯಸ್ಸೆಷ್ಟು? ಮೊದಲ ಚಳಿಗಾಲದ ಮರಿಯನ್ನು ಗುರುತಿಸಬಹುದು, ಅದರ ರೆಕ್ಕೆಯ ಕೆಲವು ಗರಿಗಳಿಗೆ ಮಾಸಲು ಹಳದಿ ಅಂಚು ಉಳಿದಿರುತ್ತದೆ. ಕೆಲವು ವರ್ಷಗಳಾದ ಮೇಲೆ ಗರಿ ನೋಡಿ ವಯಸ್ಸು ಹೇಳಲು ಬರುವುದಿಲ್ಲ. ಐದು ವರ್ಷದ್ದೂ ಹದಿನೈದು ವರ್ಷದ್ದೂ ಒಂದೇ ಬೂದು. ಅಂದಿನ ದಾಖಲೆಯಲ್ಲಿ 'ವಯಸ್ಕ' ಎಂದಿತ್ತು. ಅಂದರೆ ಆ ಜನವರಿಯಲ್ಲಿ ಅದಕ್ಕೆ ಕಡಿಮೆಯೆಂದರೂ ಒಂದೂವರೆ ವರ್ಷ. ಈಗ ಹನ್ನೆರಡೂವರೆ, ಅಥವಾ ಅದಕ್ಕಿಂತ ಹೆಚ್ಚು. ಪ್ರತಿ ಬೇಸಿಗೆಯೂ ಮರಿ ಮಾಡುವ ಜಾಗಕ್ಕೆ ಹೋಗಿದ್ದರೆ ಒಂದೊಂದು ಸಲಕ್ಕೂ ಒಂದು ದಿಕ್ಕಿಗೆ ಸುಮಾರು 7,000 ಕಿಲೋಮೀಟರು. ಹೋಗಿತ್ತೇ, ಯಾವ ದಾರಿಯಲ್ಲಿ, ಎಲ್ಲೆಲ್ಲಿ ಇಳಿದಿತ್ತು ಎಂಬುದನ್ನು ಉಂಗುರ ಹೇಳಲಾರದು. ಅದಕ್ಕೆ ಗೊತ್ತಿರುವುದು ಎರಡೇ ಜಾಗ, ಎರಡೇ ದಿನ. ನಮ್ಮ ಹಕ್ಕಿಯ ಮಟ್ಟಿಗೆ ಆ ಎರಡು ಜಾಗಗಳೂ ಒಂದೇ.

ಉಪಗ್ರಹಕ್ಕೆ ಸುದ್ದಿ ಕಳಿಸುವ ಯಂತ್ರವನ್ನೇ ಏಕೆ ಕಟ್ಟಬಾರದು ಎಂದು ನಾನೂ ಕೇಳಿದೆ. ಹಕ್ಕಿಯ ತೂಕದ ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ಭಾರ ಹೊರಿಸಬಾರದು ಎಂಬ ರೂಢಿಯಿದೆ. ಚಳಿಗಾಲದಲ್ಲಿ ಐವತ್ತೈದು ಗ್ರಾಂ ಆಚೀಚೆ ತೂಗುವ ಹಕ್ಕಿಗೆ ಅದು ಒಂದೂವರೆ ಗ್ರಾಮಿನ ಸ್ವಲ್ಪ ಮೇಲೆ. ಅಷ್ಟು ಹಗುರದ ಯಂತ್ರ ದುಬಾರಿ, ಬ್ಯಾಟರಿಯೂ ಚಿಕ್ಕದು. ಹನ್ನೆರಡು ವರ್ಷದ ಬದುಕನ್ನು ಅದರಿಂದ ಹಿಂಬಾಲಿಸುವುದು ಆಗದ ಮಾತು. ದೊಡ್ಡ ಹಕ್ಕಿಗಳಾದರೆ ಬೇರೆ. ಮೈಸೂರು ಬಳಿಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಮಂಗೋಲಿಯದಲ್ಲಿ ಕುತ್ತಿಗೆ ಪಟ್ಟಿ ತೊಡಿಸಿದವು ಕಂಡಿವೆ. ಅದರ ಅಕ್ಷರಗಳನ್ನು ಮತ್ತೆ ಹಿಡಿಯದೆ ದಡದಿಂದಲೇ ದೂರದರ್ಶಕದಲ್ಲಿ ಓದಬಹುದು. ಗೊರವಗಳ ಕಾಲಿಗೂ ಈಗ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಬಣ್ಣಗಳ ಜೋಡಿ ನೋಡಿಯೇ ಎಲ್ಲಿ ಕಟ್ಟಿದ್ದು ಎಂದು ತಿಳಿಯುತ್ತದೆ.

ಆದರೆ ಆಯುಸ್ಸಿನ ಪ್ರಶ್ನೆಗೆ ಉಂಗುರವೇ ಬೇಕು, ಅದೂ ಸವೆಯುವ ಮುನ್ನ ಬದಲಾಯಿಸುವವರಿರಬೇಕು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಹಕ್ಕಿತಜ್ಞ ಚಾಂಡ್ಲರ್ ರಾಬಿನ್ಸ್ 1956ರ ಡಿಸೆಂಬರಿನಲ್ಲಿ ಲೇಸನ್ ಆಲ್ಬಟ್ರಾಸ್ ಎಂಬ ಕಡಲ ಹಕ್ಕಿಯೊಂದಕ್ಕೆ ಉಂಗುರ ತೊಡಿಸಿದರು. 2002ರಲ್ಲಿ ಅದೇ ದ್ವೀಪದಲ್ಲಿ ಅವರೇ ಮತ್ತೆ ಅದನ್ನು ಹಿಡಿದರು. ನಡುವೆ ಯಾರು ಯಾರೋ ಹಳೆಯ ಉಂಗುರ ತೆಗೆದು ಹೊಸದನ್ನು ಹಾಕಿ, ಎರಡೂ ಸಂಖ್ಯೆಗಳನ್ನು ಬರೆದಿಟ್ಟಿದ್ದರಿಂದಲೇ ಇದು ಅದೇ ಹಕ್ಕಿ ಎಂದು ಗೊತ್ತಾಯಿತು. ವಿಸ್ಡಮ್ ಎಂದು ಹೆಸರು ಪಡೆದ ಆ ಹಕ್ಕಿ 2024ರ ಕೊನೆಯಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮತ್ತೊಂದು ಮೊಟ್ಟೆ ಇಟ್ಟಿತು. ಒಬ್ಬರು ಸಂಖ್ಯೆ ಬರೆಯುವುದನ್ನು ಬಿಟ್ಟಿದ್ದರೂ ಅದು ವಯಸ್ಸು ತಿಳಿಯದ ಇನ್ನೊಂದು ಆಲ್ಬಟ್ರಾಸ್ ಆಗಿರುತ್ತಿತ್ತು. ಉಂಗುರಗಳಿಂದ ಲೆಕ್ಕ ಹಾಕಿದ ಆಯುಸ್ಸು ಎಷ್ಟೋ ಜಾತಿಗಳಲ್ಲಿ ನಿಜಕ್ಕಿಂತ ಕಡಿಮೆ ಬರಲು ಕಾರಣವೂ ಇದೇ. ಹಕ್ಕಿ ಸಾಯುವ ಮೊದಲೇ ಉಂಗುರ ಸತ್ತಿರುತ್ತದೆ.

ನಮ್ಮ ಗೊರವದ ಹಳೆಯ ಉಂಗುರವನ್ನು ನಾವು ತೆಗೆಯಲಿಲ್ಲ. ತೆಳುವಾದ ಲೋಹವನ್ನು ಅಗಲಿಸಲು ಹೋದರೆ ಕಾಲು ಮುರಿಯುವ ಭಯವಿತ್ತು. ಎರಡೂ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆದು, ಹಳೆಯದರ ಮುಂದೆ 'ಕೊನೆಯ ಅಂಕಿ ಮಸುಕು, ಕೊಕ್ಕಿನ ಅಳತೆಯಿಂದ ಖಚಿತ' ಎಂದು ಸೇರಿಸಿದೆವು.

ಊರಿಗೆ ಬಂದ ಮೇಲೆ ಕೆರೆ ಬದಿಯ ಗದ್ದೆಯವರಿಗೂ ಮೀನು ಹಿಡಿಯುವವರಿಗೂ ನಾನು ಹೇಳುತ್ತಿರುವುದು ಇಷ್ಟು. ಉಂಗುರವಿರುವ ಹಕ್ಕಿ ಸತ್ತು ಬಿದ್ದಿದ್ದರೆ ಉಂಗುರವನ್ನು ಚಪ್ಪಟೆ ಮಾಡಿ ಫೋಟೋ ತೆಗೆಯಿರಿ. ಅಕ್ಷರ, ಅಂಕಿ ಎಲ್ಲವೂ ಕಾಣಲಿ. ದಿನ, ಊರು, ಕೆರೆಯ ಹೆಸರು ಬರೆದು ಅದರ ಮೇಲಿರುವ ಸಂಸ್ಥೆಗೆ ಕಳಿಸಿ. ಹಕ್ಕಿ ಬದುಕಿದ್ದರೆ ಸಂಖ್ಯೆಯನ್ನಷ್ಟೇ ಓದಿಕೊಳ್ಳಿ, ಉಂಗುರವನ್ನು ಬಿಚ್ಚಬೇಡಿ.