ಪರಾಗ ಕಣಗಳ ಪ್ರಾಜೆಕ್ಟ್: ಐದು ವಾರ, 300 ಲೇಬಲ್

ನನ್ನ ಹತ್ತಿರ ಮೈಕ್ರೋಸ್ಕೋಪಿನಲ್ಲಿ ತೆಗೆದ 6,000 ಪರಾಗ ಕಣಗಳ ಚಿತ್ರಗಳಿವೆ. ಪೈನ್, ಸೂರ್ಯಕಾಂತಿ, ಕಾಡುಹುಲ್ಲು, ಮೆಕ್ಕೆಜೋಳ ಎಂದು ವಿಂಗಡಿಸಲು ಒಂದು ಮಾಡೆಲ್‌ಗೆ ಕಲಿಸಬೇಕು. ಯಾವುದು ಯಾವುದೆಂದು ಹೇಳಬಲ್ಲವರು ಒಬ್ಬರೇ, ಸಸ್ಯಶಾಸ್ತ್ರದ ಮೇಡಂ. ಅವರು ವಾರಕ್ಕೆ ಒಂದು ಗಂಟೆ ಕೊಡುತ್ತಾರೆ. ಚಿತ್ರಕ್ಕೆ ಒಂದು ನಿಮಿಷ ಅಂದರೂ ವಾರಕ್ಕೆ 60 ಲೇಬಲ್. ಹಾಗಾಗಿ ಯಾವ 60 ಕೇಳಬೇಕು ಅನ್ನೋದೇ ಇಲ್ಲಿ ದೊಡ್ಡ ಪ್ರಶ್ನೆ.

ವಾರ 1 ಮತ್ತು 2

ಮೊದಲ 120ರಲ್ಲಿ 80 ಚಿತ್ರಗಳನ್ನು ಕಣ್ಣುಮುಚ್ಚಿ ಆರಿಸಿ ಟೆಸ್ಟ್‌ಗೆ ಎತ್ತಿಟ್ಟೆ. ಇಷ್ಟು ಕಡಿಮೆ ಇರುವಾಗ ಇದು ಹೊಟ್ಟೆ ಉರಿಸುವ ಖರ್ಚು. ಆದರೆ ಬೇರೆ ದಾರಿಯಿಲ್ಲ. ಮಾಡೆಲ್ ತಾನೇ ಆರಿಸಿದ ಚಿತ್ರಗಳಲ್ಲಿ ಕಷ್ಟದವೇ ಜಾಸ್ತಿ ಇರುತ್ತವೆ. ಅವುಗಳ ಮೇಲೆ ಅಳೆದರೆ ಬರುವ ಅಂಕ ಇಡೀ ರಾಶಿಯದಾಗುವುದಿಲ್ಲ. ಇನ್ನೊಂದು ಮಾತು, 80 ಚಿತ್ರಗಳಲ್ಲಿ 80% ಸರಿ ಬಂದರೆ ಅದರ ಆಚೀಚೆ ಸುಮಾರು 9 ಅಂಕದ ಅನುಮಾನ ಇದ್ದೇ ಇರುತ್ತದೆ. ಎರಡು ಮೂರು ಅಂಕ ಏರಿದರೆ ಅದನ್ನು ನಂಬುವಂತಿಲ್ಲ.

ಉಳಿದ 40 ತರಬೇತಿಗೆ. ಮೊದಲೇ ತರಬೇತಾದ ಒಂದು ನೆಟ್‌ವರ್ಕಿನಿಂದ ಪ್ರತಿ ಚಿತ್ರದ ಲಕ್ಷಣಗಳನ್ನು ತೆಗೆದೆ. ಅವನ್ನು 40 ಗುಂಪು ಮಾಡಿ, ಪ್ರತಿ ಗುಂಪಿನ ನಡುವಿನ ಒಂದು ಚಿತ್ರ ತೆಗೆದುಕೊಂಡೆ. ಈ ಲಕ್ಷಣಗಳ ಮೇಲೆ ಒಂದು ಲಾಜಿಸ್ಟಿಕ್ ರಿಗ್ರೆಶನ್ ಕೂರಿಸಿದೆ. ಅದೇ ನನ್ನ ಮಾಡೆಲ್.

ವಾರ 3

ಈಗ ಆಕ್ಟಿವ್ ಲರ್ನಿಂಗ್, ಅಂದರೆ ಯಾವ ಚಿತ್ರಕ್ಕೆ ಲೇಬಲ್ ಕೇಳಬೇಕೆಂದು ಮಾಡೆಲ್ಲೇ ಆರಿಸುವುದು. ಮಾಡೆಲ್ ಕೊಡುವ ಮೊದಲೆರಡು ಉತ್ತರಗಳ ನಡುವಿನ ಅಂತರ ಎಲ್ಲಿ ತೀರಾ ಕಡಿಮೆಯೋ ಆ 60 ಚಿತ್ರಗಳನ್ನು ಮೇಡಂಗೆ ಕೊಟ್ಟೆ. ಅದರಲ್ಲಿ 38 ಮಸುಕು ಚಿತ್ರಗಳು! ಮೇಡಂ "ಇದು ನನಗೂ ಗೊತ್ತಾಗಲ್ಲಪ್ಪ" ಎಂದು ಒಂದೊಂದನ್ನೇ ಪಕ್ಕಕ್ಕಿಟ್ಟರು. ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಮಾಡೆಲ್‌ಗೆ ಅನುಮಾನ ಇದೆ ಅಂದಮಾತ್ರಕ್ಕೆ ಕೇಳಿದರೆ ಕಲಿಯಲು ಏನಾದರೂ ಇದೆ ಅಂತಲ್ಲ. ಚಿತ್ರವೇ ಕೆಟ್ಟಿದ್ದರೆ ಎಷ್ಟು ಕೇಳಿದರೂ ಅಷ್ಟೇ.

ವಾರ 4

ಎರಡು ಬದಲಾವಣೆ ಮಾಡಿದೆ. "ಹೇಳಲಾಗದು" ಅನ್ನೋದನ್ನೂ ಒಂದು ವರ್ಗ ಮಾಡಿದೆ. ಆ 38 ಅಲ್ಲಿ ಕೆಲಸಕ್ಕೆ ಬಂದವು. ಆಮೇಲೆ ಅನುಮಾನದ 300 ಚಿತ್ರಗಳನ್ನು 60 ಗುಂಪು ಮಾಡಿ ಗುಂಪಿಗೊಂದು ಕೇಳಿದೆ. ಒಂದೇ ತರಹದವು ಸಾಲಾಗಿ ಬರುವುದು ತಪ್ಪಿತು.

```python
p = np.sort(model.predict_proba(X_pool), axis=1)
margin = p[:, -1] - p[:, -2]
near = np.argsort(margin)[:300]
group = KMeans(n_clusters=60, n_init=10).fit_predict(X_pool[near])
```

ಮಸುಕು ಕಡಿಮೆಯಾಯಿತು. ಆದರೆ ಪಟ್ಟಿಯಲ್ಲಿ ಹುಲ್ಲು ಮತ್ತು ಮೆಕ್ಕೆಜೋಳವೇ ತುಂಬಿದ್ದವು. ಲೇಬಲ್ ಕೊಟ್ಟು ಮತ್ತೆ ತರಬೇತಿ ಮಾಡಿದರೂ ಮಾಡೆಲ್ ಪುನಃ ಅದೇ ಜೋಡಿಯನ್ನು ಕೇಳುತ್ತಿತ್ತು. ಆಗಲೇ ನಾನು ನಿಂತು ನೋಡಬೇಕಿತ್ತು.

ವಾರ 5

ನೋಡದೆ ಸೂಡೋ-ಲೇಬಲ್‌ಗೆ ಕೈ ಹಾಕಿದೆ. ಮಾಡೆಲ್ 0.95ಕ್ಕಿಂತ ಜಾಸ್ತಿ ಖಾತ್ರಿ ತೋರಿಸಿದ ಉತ್ತರಗಳನ್ನೇ ನಿಜವಾದ ಲೇಬಲ್ ಎಂದು ಸೇರಿಸಿ ಮತ್ತೆ ಕಲಿಸುವುದು. 2,900 ಚಿತ್ರ ಸೇರಿದವು. ಅದರಲ್ಲಿ 1,900 ಹುಲ್ಲು. ಟೆಸ್ಟ್‌ನಲ್ಲಿ ಮಾತ್ರ 80ಕ್ಕೆ 61 ಅಂತಿದ್ದದ್ದು ಅಲ್ಲೇ ಇತ್ತು.

ಹಾಗಾಗಿ ಈ ವಾರದ ಗಂಟೆಯನ್ನು ಹೊಸದನ್ನು ಕೇಳಲು ಬಳಸಲಿಲ್ಲ. ಸೇರಿಸಿದ್ದರಲ್ಲೇ ನಾಲ್ಕೂ ಸಸ್ಯಗಳಿಗೆ ತಲಾ 15ರಂತೆ ತೆಗೆದು, ಮಾಡೆಲ್ ಏನು ಹೇಳಿತ್ತೆಂದು ತಿಳಿಸದೆ ಮೇಡಂಗೆ ತೋರಿಸಿದೆ. ಪೈನ್ ಮತ್ತು ಸೂರ್ಯಕಾಂತಿ ಎಲ್ಲವೂ ಸರಿ. ಮೆಕ್ಕೆಜೋಳ ಎಂದಿದ್ದರಲ್ಲಿ ಎರಡು ತಪ್ಪು. ಹುಲ್ಲು ಎಂದಿದ್ದರಲ್ಲಿ ಆರು ಮೆಕ್ಕೆಜೋಳ! ಮಾಡೆಲ್ ಖಾತ್ರಿಯಿಂದ ತಪ್ಪು ಹೇಳಿ, ಆ ತಪ್ಪನ್ನೇ ತಾನು ಕಲಿಯುತ್ತಿತ್ತು.

ನಿಮಗೆ ಹೇಗೆ ಗೊತ್ತಾಗುತ್ತೆ ಮೇಡಂ ಎಂದು ಕೇಳಿದೆ. "ಅಳತೆ ನೋಡ್ತೀನಿ, ಇನ್ನೇನು" ಅಂದರು. ಎರಡೂ ಹುಲ್ಲಿನ ಕುಟುಂಬವೇ. ಎರಡೂ ದುಂಡಗೆ, ಒಂದೇ ರಂಧ್ರ. ಆದರೆ ಮೆಕ್ಕೆಜೋಳದ ಕಣ ಸುಮಾರು 80ರಿಂದ 100 ಮೈಕ್ರೋಮೀಟರ್. ಕಾಡುಹುಲ್ಲಿನದು ಸಾಮಾನ್ಯವಾಗಿ 40ಕ್ಕಿಂತ ಕಡಿಮೆ. ಮೇಡಂ ನೋಡುತ್ತಿದ್ದದ್ದು ಅಳತೆ ಗೆರೆ ಇರುವ ಪೂರ್ತಿ ಚಿತ್ರ. ನನ್ನ ಮಾಡೆಲ್‌ಗೆ ಹೋಗುತ್ತಿದ್ದದ್ದು ಕಣದ ಅಂಚಿಗೆ ಕತ್ತರಿಸಿ 224 ಪಿಕ್ಸೆಲ್‌ಗೆ ಹಿಗ್ಗಿಸಿದ ಚಿತ್ರ. ದೊಡ್ಡದು ಚಿಕ್ಕದು ಎರಡನ್ನೂ ನಾನೇ ಒಂದೇ ಗಾತ್ರ ಮಾಡಿದ್ದೆ. ಮಾಡೆಲ್‌ಗೆ ಕಾಣದ ಗುರುತನ್ನು ಹೊಸ ಲೇಬಲ್ ಕಲಿಸಲಾರದು, ಅಲ್ವಾ?

ಈಗ ಪ್ರತಿ ಕಣದ ಸುತ್ತ 120 ಮೈಕ್ರೋಮೀಟರಿನ ಚೌಕವನ್ನೇ ಕತ್ತರಿಸುತ್ತೇನೆ. ಹಳೆಯ ಸೂಡೋ-ಲೇಬಲ್ ಎಲ್ಲ ಅಳಿಸಿದೆ. ಮೇಡಂ ಕೊಟ್ಟ 220 ಲೇಬಲ್‌ಗಳಿಂದಲೇ ಹೊಸದಾಗಿ ಕಲಿಸಿದೆ. ಟೆಸ್ಟ್‌ನಲ್ಲಿ 80ಕ್ಕೆ 71. ಮೊದಲು ತಪ್ಪಿದ್ದ 12 ಸರಿಯಾದವು, ಸರಿಯಿದ್ದ ಎರಡು ತಪ್ಪಿದವು. ಅಂಕಗಳ ವ್ಯತ್ಯಾಸಕ್ಕಿಂತ ಈ 12 ಮತ್ತು 2ರ ಲೆಕ್ಕವನ್ನೇ ನಾನು ನಂಬುತ್ತೇನೆ.

ಸೂಡೋ-ಲೇಬಲ್ ಮತ್ತೆ ಶುರು ಮಾಡುತ್ತಿದ್ದೇನೆ. ಚಿತ್ರವನ್ನು ನಾಲ್ಕು ಕಡೆ ತಿರುಗಿಸಿದಾಗಲೂ ಒಂದೇ ಉತ್ತರ ಬಂದರೆ ಮಾತ್ರ ಸೇರಿಸುತ್ತೇನೆ. ಹಿಗ್ಗಿಸುವುದು ಕುಗ್ಗಿಸುವುದು ಬೇಡ, ಇಲ್ಲಿ ಅದು ಉತ್ತರವನ್ನೇ ಬದಲಿಸುತ್ತದೆ. ಪ್ರತಿ ಸುತ್ತಿಗೂ ಹಿಂದಿನದನ್ನು ಅಳಿಸಿ ಹೊಸದಾಗಿ ಲೆಕ್ಕ ಹಾಕುತ್ತೇನೆ. ಮುಂದಿನ ವಾರದ 60ರಲ್ಲಿ 45 ಅನುಮಾನದವು, 15 ಖಾತ್ರಿಯವು.